ಬೀದಿಗೆಲ್ಲ ಲತಕ್ಕನ ಹಾಟ್‌ಸ್ಪಾಟ್

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೊರಡುವ ರಸ್ತೆಯಲ್ಲಿ, ರಾತ್ರಿ ಗೇಟು ಬೀಳುವುದರೊಳಗೆ ಕಾಡು ದಾಟಿಬಿಡಬೇಕೆಂದು ಕೇರಳದ ಕಾರುಗಳೂ ಊಟಿಯ ಬಸ್ಸುಗಳೂ ಒಂದನ್ನೊಂದು ಹಿಂದಿಕ್ಕಿಕೊಂಡು ಓಡುವ ಕಡೆ, ಸ್ವರ್ಣಲತಾಳ ಅಂಗಡಿ ಇದೆ. ಎಡಕ್ಕೆ ಸೋಮಣ್ಣನ ಬೇಕರಿ, ಬಲಕ್ಕೆ ಕಟಿಂಗ್ ಶಾಪು, ಎದುರಿಗೆ ಗೊಬ್ಬರದಂಗಡಿ. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರಿದೆ. ಅದನ್ನು ಓದಿದವರು ಯಾರೂ ಇಲ್ಲ. ಪಹಣಿ ಬೇಕಾದವರು, ಆಧಾರ್ ನಕಲು ತೆಗೆಸುವವರು, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವವರು ಎಲ್ಲರೂ "ಲತಕ್ಕನ ಅಂಗಡಿ" ಎಂದೇ ಕೇಳಿಕೊಂಡು ಬರುತ್ತಾರೆ.

ಸ್ವರ್ಣಲತಾ ಕುದೇರಿನವಳು. ಅಪ್ಪ ಅಮ್ಮ ಕಂಡವರ ಹೊಲದಲ್ಲಿ ಅರಿಶಿನ ಅಗೆದು ಮಗಳನ್ನು ಓದಿಸಿದರು. ಹೈಸ್ಕೂಲಿನಲ್ಲಿದ್ದಾಗ ಒಂದು ಸರ್ಟಿಫಿಕೇಟಿಗಾಗಿ ಅಪ್ಪನ ಜೊತೆ ಚಾಮರಾಜನಗರಕ್ಕೆ ಅಲೆದಿದ್ದಳು. ಹೋದಾಗಲೆಲ್ಲ ಕೌಂಟರಿನ ಹಿಂದಿನಿಂದ ಬರುತ್ತಿದ್ದುದು ಒಂದೇ ಮಾತು: ನಾಳೆ ಬನ್ನಿ. ಆ ನಾಳೆಗೆ ಅಪ್ಪ ಒಂದೊಂದು ದಿನದ ಕೂಲಿ ಬಿಟ್ಟು ಬರುತ್ತಿದ್ದ. ಮುಂದೆ ಅದೇ ಚಾಮರಾಜನಗರದಲ್ಲಿ ಕಂಪ್ಯೂಟರ್ ಕಲಿತು, ವಕೀಲರೊಬ್ಬರ ಆಫೀಸಿನಲ್ಲಿ ಟೈಪು ಮಾಡಿ, ಕಚೇರಿಯೊಂದರಲ್ಲಿ ಜೀಪು ಓಡಿಸುವ ಶಂಕರನನ್ನು ಮದುವೆಯಾಗಿ ಗುಂಡ್ಲುಪೇಟೆಗೆ ಬಂದು ಅಂಗಡಿ ಇಟ್ಟಳು. ಇಟ್ಟ ದಿನವೇ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿಕೊಂಡಳು. ತನ್ನ ಬಾಯಿಂದ "ನಾಳೆ ಬನ್ನಿ" ಎಂಬ ಮಾತು ಬರಕೂಡದು.

ಒಳ್ಳೆಯ ತೀರ್ಮಾನವೇ. ಅದಕ್ಕೆ ತಕ್ಕ ಹಾಗೆ ಅವಳು ಯುಪಿಎಸ್ ಇಟ್ಟಳು, ಎರಡನೆಯ ಪ್ರಿಂಟರ್ ಇಟ್ಟಳು, ಝೆರಾಕ್ಸ್ ಮೆಷಿನ್ನಿಗೆ ಇಂಕಿನ ಪುಡಿಯನ್ನು ಮೊದಲೇ ತಂದಿಟ್ಟಳು. ಉಳಿದದ್ದು ನೆಟ್ಟೊಂದು. ಫೈಬರ್ ಕೇಬಲ್ಲು ಕಂಬದಿಂದ ಕಂಬಕ್ಕೆ ನೇತಾಡಿಕೊಂಡು, ಮಧ್ಯೆ ಮಧ್ಯೆ ನೆಲದೊಳಕ್ಕೆ ಇಳಿದು ಬರುತ್ತಿತ್ತು. ಕೋತಿ ಜಗ್ಗಿದರೂ ಹೋಗುತ್ತಿತ್ತು, ಹುಲ್ಲಿನ ಲಾರಿ ಉಜ್ಜಿದರೂ ಹೋಗುತ್ತಿತ್ತು.

ಮೊದಲ ಸಲ ಹೀಗೆ ಹೋದಾಗ ಅವಳು ತನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿ, ಲ್ಯಾಪ್‌ಟಾಪಿಗೆ ಜೋಡಿಸಿ, ಎದುರಿಗೆ ಕೂತಿದ್ದ ಮುದುಕನ ಪಹಣಿಯನ್ನು ತೆಗೆದುಕೊಟ್ಟಳು. ಬೀದಿಯಲ್ಲಿ ಬೇರೆ ಎಲ್ಲೂ ನೆಟ್ಟಿಲ್ಲದಾಗ ಅವಳ ಅಂಗಡಿಯಲ್ಲಿ ಮಾತ್ರ ಪ್ರಿಂಟರು ಗರಗರ ಅನ್ನುತ್ತಿತ್ತು. ಸಂಜೆ ಬೇಕರಿಯ ಸೋಮಣ್ಣ ಗಿರಾಕಿಗಳಿಗೆಲ್ಲ ಹೇಳಿದ: "ಲೋಕ ನಿಂತೋದ್ರೂ ನಮ್ ಲತನ್ ಅಂಗ್ಡಿ ನಿಲ್ಲಾಕಿಲ್ಲ ಕಣ್ರಲಾ."

ಈ ಮಾತು ಕೇಳಿದ ಮೇಲೆ ಅವಳಿಗೆ ಒಂದು ಲ್ಯಾಪ್‌ಟಾಪು ಸಾಲದು ಅನ್ನಿಸಿತು.

ಅಂಗಡಿಯಲ್ಲಿ ಎರಡು ದೊಡ್ಡ ಕಂಪ್ಯೂಟರುಗಳಿದ್ದವು. ಅವಕ್ಕೆ ವೈಫೈ ಇರಲಿಲ್ಲ. ರೂಟರಿನಿಂದ ವೈರೆಳೆದು ಕೊಟ್ಟಿದ್ದರು. ಫೈಬರಿನವರು ಹಾಕಿಕೊಟ್ಟ ಡಬ್ಬಿಗೆ ಫೋನಿನ ಹಾಟ್‌ಸ್ಪಾಟನ್ನು ಹಿಡಿದುಕೊಳ್ಳುವ ವಿದ್ಯೆ ಗೊತ್ತಿರಲಿಲ್ಲ. ಅದು ತನ್ನ ಕೇಬಲ್ಲಿನಿಂದ ಬಂದದ್ದನ್ನು ಮಾತ್ರ ಹಂಚುತ್ತಿತ್ತು. ಸ್ವರ್ಣಲತಾ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ, ಅಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಸಾಗರ್‌ನನ್ನು ಕೇಳಿದಳು. ಅವನು ಬೇರೊಂದು ರೂಟರ್ ಕೊಟ್ಟ. ಅದು ಗಾಳಿಯಲ್ಲಿ ಬರುವ ಫೋನಿನ ಹಾಟ್‌ಸ್ಪಾಟನ್ನೇ ತನ್ನ ಲೈನು ಅಂತ ಹಿಡಿದು, ಅಲ್ಲಿಂದ ಮುಂದಕ್ಕೆ ವೈರಿಗೂ ವೈಫೈಗೂ ಹಂಚುತ್ತಿತ್ತು.

"ಇದು ಎಮರ್ಜೆನ್ಸಿಗೆ ಮಾತ್ರ ಅಕ್ಕ," ಅಂದ ಸಾಗರ್, ಸೆಟ್ಟಿಂಗ್ ಮಾಡಿಕೊಡುತ್ತಾ. "ಇದೇ ಗಾಳೀಲಿ ತಕೊಂಡು ಇದೇ ಗಾಳೀಲಿ ಕೊಡ್ಬೇಕು ನೋಡಿ, ವೈಫೈಲಿ ಸ್ಪೀಡು ಅರ್ಧ ಆಯ್ತದೆ. ಮತ್ತೆ ಎಷ್ಟೇ ಹಂಚಿದ್ರೂ ಒಳಗೆ ಬರೋದು ನಿಮ್ ಫೋನಿನ ಡೇಟಾನೇ."

"ಗೊತ್ತು ಬುಡಪ್ಪ," ಅಂದಳು ಸ್ವರ್ಣಲತಾ. ಗೊತ್ತು ಅಂದುಕೊಂಡ ಮೇಲೆ ಕೇಳಿಸಿಕೊಳ್ಳುವುದು ಅರ್ಧ ಕಡಿಮೆಯಾಗುತ್ತದೆ. "ವೈಫೈ ಹೆಸ್ರು, ಪಾಸ್‌ವರ್ಡು ಎರಡೂ ನಮ್ ಹಳೇದ್ರದ್ದೇ ಇಡು. ಗಿರಾಕಿಗಳಿಗೆ ಪದೇ ಪದೇ ಹೇಳೋ ಪಂಚೇತಿ ಇರಲ್ಲ."

ಸಾಗರ್ ಒಂದು ಕ್ಷಣ ಅವಳ ಮುಖ ನೋಡಿದ. ಆಮೇಲೆ ಕೇಳಿದಂತೆಯೇ ಇಟ್ಟುಕೊಟ್ಟ.

ಭಾನುವಾರ ಮಧ್ಯಾಹ್ನ ಬೀದಿ ಖಾಲಿ ಇದ್ದಾಗ ಅವಳು ಪರೀಕ್ಷೆ ಮಾಡಿದಳು. ಫೈಬರಿನ ಡಬ್ಬಿ ಆರಿಸಿ, ಕಂಪ್ಯೂಟರಿನ ವೈರುಗಳನ್ನು ಹೊಸ ರೂಟರಿಗೆ ಚುಚ್ಚಿ, ಅದನ್ನು ಹಚ್ಚಿ, ಫೋನಿನಲ್ಲಿ ಹಾಟ್‌ಸ್ಪಾಟ್ ಹಾಕಿದಳು. ಎರಡು ಕಂಪ್ಯೂಟರಿಗೂ ನೆಟ್ ಬಂತು. ಫೋನಿನ ಪರದೆಯ ಮೇಲೆ "ಒಂದು ಸಾಧನ ಸಂಪರ್ಕಗೊಂಡಿದೆ" ಎಂದಿತ್ತು. ಎಷ್ಟು ಅಚ್ಚುಕಟ್ಟು! ಅವಳು ಸಂತೋಷದಿಂದ ಶಂಕರನನ್ನು ಕರೆದು ತೋರಿಸಿದಳು. ಅವನು ಜೀಪಿನ ಸ್ಟೆಪ್ನಿ ನೋಡುವಂತೆ ರೂಟರನ್ನು ಒಮ್ಮೆ ಒತ್ತಿ ನೋಡಿ, "ಚೆನ್ನಾಗದೆ," ಅಂದ.

ಬೀದಿಯವರಿಗೆ ಅವಳ ವೈಫೈ ಪಾಸ್‌ವರ್ಡ್ ಹೊಸದೇನಲ್ಲ. ಸೋಮಣ್ಣನ ಬೇಕರಿಯ ಕ್ಯಾಮೆರಾ ಅವಳ ವೈಫೈ ಮೇಲೆಯೇ ನಡೆಯುತ್ತಿತ್ತು. ಅವನು ಮನೆಯಲ್ಲಿ ಕೂತು ಬೇಕರಿಯ ಗಲ್ಲಾಪೆಟ್ಟಿಗೆಯನ್ನು ಫೋನಿನಲ್ಲಿ ಕಾಯುತ್ತಿದ್ದ. ಕಟಿಂಗ್ ಶಾಪಿನ ಟೀವಿಯಲ್ಲಿ ಹಾಡುಗಳು ಬರುತ್ತಿದ್ದುದೂ ಅದರಿಂದಲೇ. ಗೊಬ್ಬರದಂಗಡಿಯವನು ಒಮ್ಮೆ ಬಿಲ್ಲು ಕಳಿಸಲು ಪಾಸ್‌ವರ್ಡ್ ಕೇಳಿದ್ದವನು ಆಮೇಲೆ ವಾಪಸು ಕೊಡಲಿಲ್ಲ, ಕೊಡುವುದಕ್ಕೆ ಅದು ಕೊಡೆಯೂ ಅಲ್ಲ. ಫೈಬರ್ ಇದ್ದಾಗ ಇದ್ಯಾವುದೂ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹೊಳೆಯ ನೀರು ಯಾರು ತುಂಬಿಕೊಂಡರೂ ಸ್ವರ್ಣಲತಾಳಿಗೆ ಬೇಜಾರಿರಲಿಲ್ಲ.

ಕಾಡಿನ ಕೆಲಸಕ್ಕೆ ಅರ್ಜಿ ಕರೆದ ವರ್ಷ ಅದು. ಅರಣ್ಯ ಇಲಾಖೆಯ ವಾಚರ್ ಹುದ್ದೆಗಳು. ಕಾಡಂಚಿನ ಊರುಗಳಲ್ಲಿ ಓದಿದ ಹುಡುಗರೂ ಹುಡುಗಿಯರೂ ಹುರುಪಿನಿಂದ ಓಡಾಡಿದರು. ಆದರೂ ಅರ್ಧಕ್ಕರ್ಧ ಜನ ಅರ್ಜಿ ಹಾಕಲು ಬಂದದ್ದು ಕೊನೆಯ ದಿನವೇ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಂಗಡಿಯ ಮುಂದೆ ಸಾಲು ನಿಂತಿತ್ತು. ಮೊದಲಿಗೆ ನಿಂತಿದ್ದವಳು ಭೀಮನಬೀಡಿನ ಕುಮಾರಿ. ಜೊತೆಗೆ ಅವಳಪ್ಪ ಮಾರಯ್ಯ. ಮಾರಯ್ಯ ಕಾಡಿನಲ್ಲಿ ಕಿಚ್ಚು ಹರಡದಂತೆ ಬೆಂಕಿರೇಖೆ ಸವರುವ ದಿನಗೂಲಿಯವನು. ತಾನು ಹೊರಗಿನವನಾಗಿ ಮಾಡಿದ ಕೆಲಸವನ್ನು ಮಗಳು ಯೂನಿಫಾರ್ಮು ಹಾಕಿಕೊಂಡು ಮಾಡಲಿ ಎಂಬುದು ಅವನ ಆಸೆ.

ಕುಮಾರಿಯ ಫೋಟೋ ಸ್ಕ್ಯಾನ್ ಮಾಡುತ್ತಿದ್ದಂತೆ ನೆಟ್ ಹೋಯಿತು. ಕೆಳಗಡೆ ರಸ್ತೆ ಅಗಲ ಮಾಡುವ ಕಡೆ ಜೆಸಿಬಿಯೊಂದು ಮಣ್ಣಿನ ಜೊತೆಗೆ ಕೇಬಲ್ಲನ್ನೂ ಎತ್ತಿ ಲಾರಿಗೆ ತುಂಬಿತ್ತು.

ಸಾಲಿನಲ್ಲಿದ್ದವರು "ಅಯ್ಯೋ" ಅಂದರು. ಸ್ವರ್ಣಲತಾ ನಿಧಾನವಾಗಿ ಎದ್ದಳು. ಇಷ್ಟು ದಿನದ ತಯಾರಿ ಈ ಗಳಿಗೆಗೇ ತಾನೇ. ಫೈಬರಿನ ಡಬ್ಬಿ ಆರಿಸಿ ಹೊಸ ರೂಟರ್ ಹಚ್ಚಿದಳು, ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯಲ್ಲಿ ಫೋನಿಟ್ಟು ಚಾರ್ಜಿಗೆ ಹಾಕಿದಳು, ಹಾಟ್‌ಸ್ಪಾಟ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅರ್ಜಿಯ ಪುಟ ಮತ್ತೆ ತೆರೆದುಕೊಂಡಿತು.

"ನೋಡುದ್ಯಾ ಮಗಾ, ಈ ಅವ್ವ ಕರೆಂಟು ನೆಟ್ಟು ಎಲ್ಲಾನೂ ಮಡಿಕ್ಕೊಂಡವ್ಳೆ," ಅಂದ ಮಾರಯ್ಯ.

ಸೋಮಣ್ಣ ಬೇಕರಿಯಿಂದ ಇಣುಕಿ, "ನಮ್ ಕ್ಯಾಮ್ರಾನೂ ತಾನೇ ಬಂದ್ಬುಡ್ತು ಕಣವ್ವ! ನಾನೇನೂ ಮುಟ್ನೇ ಇಲ್ಲ," ಅಂದ.

ಸ್ವರ್ಣಲತಾ ನಕ್ಕಳು. ಅದೂ ತನ್ನ ಅಚ್ಚುಕಟ್ಟಿನ ಫಲವೇ ಎಂದು ಆ ಕ್ಷಣಕ್ಕೆ ಅವಳಿಗೆ ಹೆಮ್ಮೆಯಾಯಿತು.

ಕುಮಾರಿಯ ಅರ್ಜಿ ಅರ್ಧ ತುಂಬಿತ್ತು. ಆಗ ಪುಟ ನಿಂತುಬಿಟ್ಟಿತು. ಅದೇ ಹೊತ್ತಿಗೆ ಕಿಟಕಿಯಲ್ಲಿದ್ದ ಫೋನು ಬಡಿದುಕೊಳ್ಳುತ್ತಿತ್ತು. ಯಾರೋ ಗಿರಾಕಿ. "ಅಕ್ಕ, ನೆಟ್ ಐತಾ? ಬರನಾ?" "ಐತೆ, ಬನ್ನಿ," ಅಂದು ಅವಳು ಫೋನಿಟ್ಟಳು. ಪುಟ ಮತ್ತೆ ಓಡಿತು. ಇನ್ನೆರಡು ಖಾನೆ ತುಂಬುವಷ್ಟರಲ್ಲಿ ಇನ್ನೊಂದು ಫೋನು. "ಲತಕ್ಕ, ಎಲ್ಲಾ ಕಡೆ ನೆಟ್ಟಿಲ್ಲಂತೆ, ನಿಮ್ದೈತಾ?" "ಐತೆ ಐತೆ." ಮಾತಾಡುತ್ತಿರುವಷ್ಟು ಹೊತ್ತೂ ಪುಟ ನಿಂತಿರುತ್ತಿತ್ತು. ಅವಳ ಫೋನಿನಲ್ಲಿ ಎರಡು ಸಿಮ್ಮು. ಡೇಟಾ ಒಂದರದ್ದು, ಬೋರ್ಡಿನ ಮೇಲೆ ಬರೆಸಿದ ನಂಬರು ಇನ್ನೊಂದರದ್ದು. ಆ ನಂಬರಿಗೆ ಕರೆ ಬಂದು ಅವಳು ಮಾತಾಡುವಷ್ಟು ಹೊತ್ತು ಈ ಸಿಮ್ಮಿನ ಡೇಟಾ ಸುಮ್ಮನೆ ಕೂತುಬಿಡುತ್ತಿತ್ತು. ನೆಟ್ ಇದೆಯಾ ಎಂದು ಕೇಳುವವರೇ ನೆಟ್ಟನ್ನು ನಿಲ್ಲಿಸುತ್ತಿದ್ದರು. ಅವಳು ಇದೆ ಎಂದು ಹೇಳುತ್ತಿದ್ದ ಅಷ್ಟೂ ಹೊತ್ತು ಅದು ಇರಲಿಲ್ಲ.

ಇದು ಗೊತ್ತಾಗಲು ಅವಳಿಗೆ ಒಂದಷ್ಟು ಕರೆಗಳೇ ಬೇಕಾದವು. ಗೊತ್ತಾದ ಮೇಲೆ ಕರೆಗಳನ್ನು ಕತ್ತರಿಸತೊಡಗಿದಳು. ಶಂಕರನ ಕರೆಯನ್ನೂ ಕತ್ತರಿಸಿದಳು. ಅವನು ಚಾಮರಾಜನಗರದಿಂದ ಗಾಬರಿಯಾಗಿ ಮತ್ತೆ ಮತ್ತೆ ಮಾಡಿದ.

ಕುಮಾರಿಯ ಅರ್ಜಿ ಕೊನೆಯ ಪುಟಕ್ಕೆ ಬಂತು. ಫೋಟೋ ಹಾಕಬೇಕು, ಸಹಿ ಹಾಕಬೇಕು, ಮುಗಿಯಿತು. ಫೋಟೋ ಹೋಗಲೇ ಇಲ್ಲ. ಗುಂಡಗಿನ ಗುರುತು ತಿರುಗುತ್ತಲೇ ಇತ್ತು. ಫೋನಿಗೆ ಮೆಸೇಜು ಬಂತು: ಈ ದಿನದ ಡೇಟಾ ಪೂರ್ತಿ ಮುಗಿದಿದೆ, ಇನ್ನು ನಿಧಾನ ವೇಗ.

"ಅದೆಂಗಾಯ್ತದೆ?" ಅಂದಳು ಸ್ವರ್ಣಲತಾ, ಯಾರಿಗೂ ಅಲ್ಲದೆ. ದಿನಕ್ಕೆ ಎರಡು ಜಿಬಿ. ಒಂದು ಅರ್ಜಿಗೆ ಬೇಕಾಗುವುದು ಅದರಲ್ಲಿ ಚಿಟಿಕೆಯಷ್ಟು. ಒಂದಾದರೂ ಅರ್ಜಿ ಹೋಗಿದ್ದರೆ ಆ ಮಾತು ಬೇರೆ. ಫೋನ್ ನೋಡಿದಳು. "ಒಂದು ಸಾಧನ ಸಂಪರ್ಕಗೊಂಡಿದೆ." ಒಂದೇ ಇದೆಯಲ್ಲ! ತಕ್ಷಣ ಎಕ್ಸ್‌ಟ್ರಾ ಡೇಟಾ ಪ್ಯಾಕ್ ಹಾಕಿಸಿದಳು. ಪುಟ ಒಮ್ಮೆ ಚುರುಕಾಯಿತು. ಕುಮಾರಿಯ ಫೋಟೋ ಹೋಯಿತು. ಸಹಿ ಹೋಗುವುದರೊಳಗೆ ಮತ್ತೆ ಅದೇ ಮೆಸೇಜು ಬಂತು. ಫೋನು ಮುಟ್ಟಿದರೆ ರೊಟ್ಟಿಯ ಹೆಂಚಿನಂತೆ ಕಾದಿತ್ತು.

ಸಾಲು ಈಗ ಬೇಕರಿಯ ಮುಂದಿನವರೆಗೂ ಬೆಳೆದಿತ್ತು. ಕಾಯುವವರಿಗೆ ಬೇಜಾರಾಗಬಾರದಲ್ಲ, ಎಲ್ಲರೂ ತಲೆ ಬಗ್ಗಿಸಿ ಫೋನು ನೋಡುತ್ತಿದ್ದರು. ಯಾರದೋ ಫೋನಿನಲ್ಲಿ ಆನೆಯೊಂದು ಬಸ್ಸಿನ ಮುಂದೆ ನಿಂತ ವಿಡಿಯೋ ಬರುತ್ತಿತ್ತು. ಅದು ನಿಂತು ನಿಂತು ಬರುತ್ತಿದ್ದುದಕ್ಕೆ ಆ ಹುಡುಗ, "ಅಕ್ಕ, ನೆಟ್ ವಸಿ ಸ್ಲೋ ಐತೆ ಕಣಕ್ಕ," ಎಂದು ದೂರು ಹೇಳಿದ.

ಸ್ವರ್ಣಲತಾ ಸಾಗರ್‌ಗೆ ಫೋನ್ ಮಾಡಿದಳು.

"ಮೋಸ ಆಯ್ತು ಕಣೋ ಸಾಗರ್, ನನ್ ಡೇಟಾನೆಲ್ಲ ಯಾರೋ ತಿಂದವ್ರೆ. ಫೋನ್ ನೋಡುದ್ರೆ ಒಂದೇ ಡಿವೈಸ್ ತೋರುಸ್ತದೆ."

"ಆ ಒಂದು ಯಾವ್ದು ಅಕ್ಕ?"

"ರೂಟರು."

"ಹ್ಞೂಂ. ಫೋನಿಗೆ ಕಾಣೋದು ರೂಟರ್ ಒಂದೇ. ರೂಟರ್ ಬೆನ್ ಹಿಂದೆ ಎಷ್ಟು ಜನ ನಿಂತವ್ರೆ ಅಂತ ಫೋನಿಗೆ ಗೊತ್ತಾಗಲ್ಲ. ಕಂಪ್ಯೂಟರಲ್ಲಿ ರೂಟರ್ ಪೇಜ್ ಓಪನ್ ಮಾಡಿ, ಅದಕ್ಕೆ ನೆಟ್ ಬೇಕಿಲ್ಲ. ಯಾರ್ಯಾರು ಸೇರ್ಕೊಂಡವ್ರೆ ಅಂತ ಲಿಸ್ಟ್ ಬತ್ತದೆ."

ಅವಳು ತೆಗೆದಳು. ಪುಟ ಕೆಳಗೆ ಸರಿಸಿದಳು. ಇನ್ನೂ ಸರಿಸಿದಳು. ಸೋಮಣ್ಣನ ಕ್ಯಾಮೆರಾ ಇತ್ತು. ಕಟಿಂಗ್ ಶಾಪಿನ ಟೀವಿ ಇತ್ತು. ಗೊಬ್ಬರದಂಗಡಿಯ ಕಂಪ್ಯೂಟರಿತ್ತು. ಸಾಲಿನಲ್ಲಿ ನಿಂತವರು ಹಿಂದೆ ಯಾವಾಗಲೋ ಪಹಣಿಗೋ ರಿಸಲ್ಟಿಗೋ ಬಂದಾಗ ಪಾಸ್‌ವರ್ಡ್ ಹಾಕಿಕೊಂಡಿದ್ದರಲ್ಲ, ಆ ಫೋನುಗಳೆಲ್ಲ ಹಳೆಯ ಹೆಸರು ಕಂಡ ಕೂಡಲೇ ಕೇಳದೆ ಒಳಬಂದು ಕೂತಿದ್ದವು. ಮನೆಯ ವೈಫೈ ಸಿಕ್ಕಿತೆಂದು ತಿಳಿದು, ಊಟಿಗೆ ಹೋದಾಗ ತೆಗೆದ ಫೋಟೋಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸುತ್ತಿದ್ದವು. ಇನ್ನು ಅವಳದೇ ಎರಡನೆಯ ಕಂಪ್ಯೂಟರು. ಅದರ ಮುಂದೆ ಯಾರೂ ಕೂತಿರಲಿಲ್ಲ. ಬಿಡುವು ಸಿಕ್ಕಿತೆಂದು ಅದು ವಿಂಡೋಸ್ ಅಪ್‌ಡೇಟು ಇಳಿಸಿಕೊಳ್ಳುತ್ತಿತ್ತು.

"ಫೋನಿಗೆ ನೇರವಾಗಿ ಸೇರ್ಕೊಂಡಿದ್ರೆ ಇಷ್ಟೇ ಜನ ಅಂತ ಮಿತಿ ಇರೋದು," ಅಂದ ಸಾಗರ್. "ರೂಟರ್ ಇಟ್ರೆ ಆ ಬಾಗಿಲು ತೆಗ್ದಂಗೆ. ಬಾಗಿಲು ದೊಡ್ಡದಾಯ್ತು, ಮನೇಲಿರೋ ಅನ್ನ ಅಷ್ಟೇ."

"ಈಗೇನ್ ಮಾಡ್ಲಿ?"

"ವೈಫೈ ಪಾಸ್‌ವರ್ಡ್ ಚೇಂಜ್ ಮಾಡಿ. ಇಲ್ಲಾಂದ್ರೆ ಇವತ್ತಿಗೆ ರೂಟರ್ ಸಾವಾಸನೇ ಬೇಡ. ಫೋನಿಂದ ಯುಎಸ್‌ಬಿ ಕೇಬಲ್ ನೇರವಾಗಿ ಒಂದ್ ಕಂಪ್ಯೂಟರಿಗೆ ಹಾಕಿ, ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ನಿಮ್ ಡೇಟಾ ಮುಗ್ದದೆ, ಬೇರೆ ಯಾರ್ದಾದ್ರೂ ಫೋನ್ ಇಸ್ಕೊಳಿ. ಕೊನೇ ದಿನ ಅಂತೀರಿ, ಇದು ಗ್ಯಾರಂಟಿ."

ಅವಳು ಫೋನಿಟ್ಟು ರೂಟರನ್ನು ನೋಡಿದಳು. ನಾಲ್ಕು ಹಸಿರು ದೀಪಗಳು ಪಿಳಿಪಿಳಿ ಅನ್ನುತ್ತಿದ್ದವು. ಅದನ್ನು ಆರಿಸಿದರೆ ಕೆಲಸ ಆಗುತ್ತದೆ. ಆದರೆ ಆರಿಸಿದ ಮರುಗಳಿಗೆಯೇ ಇಡೀ ಬೀದಿಗೆ, ಲತಕ್ಕನ ಅಂಗಡಿಯಲ್ಲಿ ನೆಟ್ಟಿಲ್ಲ ಎಂದು ಗೊತ್ತಾಗುತ್ತದೆ. ಅಂಗಡಿ ಇಟ್ಟಂದಿನಿಂದ ಯಾರಿಗೂ ಹೇಳದ ಮಾತನ್ನು ಎಲ್ಲರಿಗೂ ಒಟ್ಟಿಗೆ ಹೇಳಿದಂತೆ. ಅವಳ ಕೈ ಸ್ವಿಚ್ಚಿನ ಹತ್ತಿರ ಹೋಗಿ ನಿಂತಿತು. ಕುಮಾರಿ ತಿರುಗುತ್ತಿದ್ದ ಗುರುತನ್ನೇ ನೋಡುತ್ತಾ ಕೂತಿದ್ದಳು. ಮಾರಯ್ಯ ಮಗಳ ಹೆಗಲ ಮೇಲಿಂದ ಬಗ್ಗಿ ಕೇಳಿದ:

"ಅವ್ವಾ, ಇದು ಇವತ್ ಆಗಕಿಲ್ವಾ? ನಾಳೀಕೆ ಬರಬೇಕಾ?"

ಸ್ವರ್ಣಲತಾ ಸ್ವಿಚ್ಚು ಒತ್ತಿದಳು. ದೀಪಗಳು ಆರಿದವು.

ಮೊದಲು ಕಟಿಂಗ್ ಶಾಪಿನ ಹಾಡು ನಿಂತಿತು. ಆಮೇಲೆ ಸಾಲಿನಲ್ಲಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಸೋಮಣ್ಣ ಏಪ್ರನ್ನಿನಲ್ಲೇ ಓಡಿಬಂದ.

"ಲತಾ, ಏನವ್ವ ಇದು? ನಮ್ ಕ್ಯಾಮ್ರಾ ಕಪ್ಗಾಗ್ಬುಡ್ತು!"

"ನೆಟ್ ಇಲ್ಲ ಸೋಮಣ್ಣ." ಆ ಮಾತು ಹೇಳುವಾಗ ಅವಳಿಗೆ ನಾಲಿಗೆ ಎಡವಿದಂತಾಯಿತು.

"ಇವಾಗ ಇತ್ತಲ್ಲ?"

"ಇತ್ತು. ಎಲ್ರಿಗೂ ಕೊಡೋವಷ್ಟು ಇಲ್ಲ. ಅರ್ಜಿಗೆ ಮಾತ್ರ."

"ಒಂದ್ ಕ್ಯಾಮ್ರಾ ಎಷ್ಟ್ ತಿಂದಾತು? ಒಂದ್ ಬನ್ನಿನಷ್ಟೂ ಇಲ್ಲ."

"ಬೆಳಿಗ್ಗೆಯಿಂದ ತಿಂತಾನೇ ಅದೆ ಸೋಮಣ್ಣ. ನೀವು ಅಂಗ್ಡೀಲೇ ಇದ್ದೀರಿ. ಗಲ್ಲಾಪೆಟ್ಟಿಗೆ ನಿಮ್ ಮುಂದೇನೇ ಅದೆ."

ಸೋಮಣ್ಣನಿಗೆ ಸಿಟ್ಟು ಬಂತು. "ಆಯ್ತು ಬುಡವ್ವ. ಇದ್ದೂ ಇಲ್ಲ ಅನ್ನೋ ಕಾಲ ಬಂತು," ಅಂದು ಹೊರಟುಹೋದ.

ಇನ್ನು ಬೇರೆ ಫೋನು. "ನಂದು ತಕೊಳ್ಳಿ ಅಕ್ಕ," ಅಂದಳು ಕುಮಾರಿ. "ನನ್ ಡೇಟಾ ಹಂಗೇ ಐತೆ. ಬೆಳಿಗ್ಗೆ ಆಫ್ ಮಾಡ್ಬುಟ್ಟೆ, ನಿಮ್ ವೈಫೈ ಇತ್ತಲ್ಲ ಅಂತ."

ಸ್ವರ್ಣಲತಾಳಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸಾಲಿನ ಕಡೆ ನೋಡಿದಳು. ಅವರೆಲ್ಲರ ಕಿಸೆಯಲ್ಲೂ ಅಂದಂದಿನ ಡೇಟಾ ಹಾಗೆಯೇ, ಮುಟ್ಟದೆ ಕೂತಿತ್ತು. ಎಲ್ಲರೂ ತಮ್ಮದನ್ನು ಉಳಿಸಿ ಅವಳದನ್ನು ಖರ್ಚು ಮಾಡಿದ್ದರು. ಅವರಿಗೆ ಉಪಕಾರ ಮಾಡುತ್ತಿದ್ದೇನೆಂದು ಅವಳೂ, ಉಳಿತಾಯ ಮಾಡುತ್ತಿದ್ದೇವೆಂದು ಅವರೂ ಅಂದುಕೊಂಡಿದ್ದರು.

ಕುಮಾರಿಯ ಫೋನಿಗೆ ಚಾರ್ಜರಿನ ವೈರು ಹಾಕಿ ಕಂಪ್ಯೂಟರಿಗೆ ಚುಚ್ಚಿದಳು. ಫೋನು ಚಾರ್ಜ್ ಆಗತೊಡಗಿತು, ಅಷ್ಟೇ. ಟೆಥರಿಂಗಿನ ಗುಂಡಿ ಮಂಕಾಗಿಯೇ ಇತ್ತು, ಒತ್ತಲು ಬರಲಿಲ್ಲ. ಅಗ್ಗದ ವೈರು ಅದು. ಕರೆಂಟು ಹರಿಯುತ್ತದೆ, ಡೇಟಾ ಹರಿಯುವುದಿಲ್ಲ. ಅಂಗಡಿಯಲ್ಲಿದ್ದ ಇನ್ನೊಂದು ಕೇಬಲ್ಲಿನ ಬಾಯಿ ಬೇರೆ, ಈ ಫೋನಿಗೆ ಕೂರಲಿಲ್ಲ. ಸಾಲಿನಲ್ಲಿ ಕೇಳಿದಳು. ಯಾರೂ ಚಾರ್ಜರು ತಂದಿರಲಿಲ್ಲ.

ಸೋಮಣ್ಣನ ಕಾರಿನಲ್ಲಿ ಹಾಡು ಕೇಳಲು ಒಂದು ಒಳ್ಳೆಯ ಕೇಬಲ್ಲಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ನಿಮಿಷ ಕೂತೇ ಇದ್ದಳು. ಆಮೇಲೆ ಎದ್ದು ಬೇಕರಿಗೆ ಹೋದಳು.

"ಸೋಮಣ್ಣ, ಕಾರಿನ ಕೇಬಲ್ ವಸಿ ಕೊಡಿ."

ಸೋಮಣ್ಣ ದಿಲ್‌ಪಸಂದ್ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ಅದೂ ಎಲ್ರಿಗೂ ಕೊಡೋವಷ್ಟು ಇಲ್ಲ ಕಣವ್ವ."

"ಭೀಮನಬೀಡಿನ್ ಹುಡ್ಗಿ ಕೂತದೆ. ಸಹಿ ಒಂದ್ ಬಾಕಿ."

ಅವನು ಕತ್ತರಿಸುವುದನ್ನು ಮುಗಿಸಿದ. ಚಾಕು ಒರೆಸಿದ. ಕಾರಿಗೆ ಹೋಗಿ ಕೇಬಲ್ ತಂದು, ಅವಳ ಕೈಗೆ ಕೊಡದೆ ಗಾಜಿನ ಪೆಟ್ಟಿಗೆಯ ಮೇಲಿಟ್ಟ. "ಆ ಮಗೀಗೆ ಕೊಡ್ತಿರೋದು. ನಿಂಗಲ್ಲ," ಅಂದ.

ಆ ಕೇಬಲ್ಲಿಗೆ ಟೆಥರಿಂಗ್ ಗುಂಡಿ ಬೆಳಗಿತು. ಸ್ವರ್ಣಲತಾ ಎರಡನೆಯ ಕಂಪ್ಯೂಟರನ್ನು ಆರಿಸಿದಳು. ಉಳಿದ ಒಂದರಲ್ಲಿ ಅರ್ಜಿ ಬಿಟ್ಟು ಬೇರೆಲ್ಲ ಕಿಟಕಿಗಳನ್ನು ಮುಚ್ಚಿದಳು, ಅಪ್‌ಡೇಟನ್ನು ತಡೆಹಿಡಿದಳು. ಕುಮಾರಿಯ ಸಹಿ ಹೋಯಿತು. ಅದೇ ಫೋನಿಗೆ ಓಟಿಪಿ ಬಂತು. ಅರ್ಜಿಯ ನಂಬರು ಬಂತು. ಪ್ರಿಂಟರು ಗರಗರ ಅಂದಿತು. ಕಾಗದವನ್ನು ಮಾರಯ್ಯ ಎರಡು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಮೇಲಿಂದ ಕೆಳಗಿನವರೆಗೂ ನೋಡಿದ.

ಅಪ್ಪ ಮಗಳು ಹೊರಟಿದ್ದರೆ ಫೋನೂ ಹೊರಡಬೇಕಿತ್ತು. ಅದನ್ನು ಸ್ವರ್ಣಲತಾ ಬಾಯಿಬಿಟ್ಟು ಕೇಳುವ ಮೊದಲೇ ಮಾರಯ್ಯ ಬೆಂಚಿನ ಮೇಲೆ ಗಟ್ಟಿಯಾಗಿ ಕೂತ. "ಬಸ್ಸು ಇನ್ನೊಂದು ಬತ್ತದೆ. ಮಿಕ್ಕಿದ್ ಮಕ್ಳುದೂ ಆಗ್ಲಿ," ಅಂದ. "ಓಟದ ಪರೀಕ್ಷೇಲಿ ಇವ್ಳ್ ಜೊತೆ ಓಡಾಕೆ ಯಾರಾದ್ರೂ ಬೇಕಲ್ಲ. ಒಬ್ಳೇ ಓಡುದ್ರೆ ಎಂಗೆ ಗೆಲ್ಲದು?"

ಒಂದೇ ಕಂಪ್ಯೂಟರು, ಒಂದೇ ಫೋನು, ಒಂದೇ ಕೇಬಲ್ಲು. ಸ್ವರ್ಣಲತಾ ಒಬ್ಬೊಬ್ಬರನ್ನೇ ಕರೆದಳು. ಬೋರ್ಡಿನ ನಂಬರಿಗೆ ಕರೆ ಬಂದರೂ ಈಗ ಯಾವ ಪುಟವೂ ನಿಲ್ಲಲಿಲ್ಲ, ಅದು ಬೇರೆ ಫೋನು ತಾನೇ. ಹೊರಗೆ ನಿಂತವರು ತಮ್ಮ ತಮ್ಮ ಡೇಟಾ ಹಾಕಿಕೊಂಡು ಮತ್ತೆ ತಲೆ ಬಗ್ಗಿಸಿದ್ದರು. ಆನೆ ಈಗ ತಡೆಯಿಲ್ಲದೆ ಬಸ್ಸಿನ ಮುಂದೆ ನಡೆಯುತ್ತಿತ್ತು. ಯಾರಿಗೂ ಏನೂ ಕಡಿಮೆಯಾದಂತೆ ಕಾಣಲಿಲ್ಲ. ಬೀದಿಗೆಲ್ಲ ನೆಟ್ ಇದ್ದ ಅರ್ಧ ದಿನದಲ್ಲಿ ಒಂದು ಅರ್ಜಿಯೂ ಹೋಗಿರಲಿಲ್ಲ. ಬೀದಿಗೆ ಇಲ್ಲವೆಂದ ಮೇಲೆ ಸಾಲು ಕರಗುತ್ತಾ ಬಂತು. ಕೊನೆಯ ಹುಡುಗ ಕಾಗದ ಹಿಡಿದು ಹೊರಟಾಗ ರಸ್ತೆಯಲ್ಲಿ ಕಾರುಗಳ ಓಟ ಜೋರಾಗಿತ್ತು. ಗೇಟು ಬೀಳಲು ಇನ್ನೂ ಹೊತ್ತಿದ್ದರೂ ಅವರದು ಯಾವಾಗಲೂ ಅದೇ ಅವಸರ.

ಊರಿನಲ್ಲಿ ಹೆಸರಾದದ್ದು ಮಾತ್ರ ಬೇರೆ ಸುದ್ದಿ. "ಅವತ್ತು ಲತನ್ ಅಂಗ್ಡೀಲೂ ನೆಟ್ ಓಯ್ತು ಕಣ್ಲಾ," ಎಂದು ಜನ ಮಾತಾಡಿಕೊಂಡರು. ಅಷ್ಟು ಅರ್ಜಿ ಹೋದದ್ದನ್ನು ಯಾರೂ ಸುದ್ದಿ ಮಾಡಲಿಲ್ಲ, ಆದ ಕೆಲಸದಲ್ಲಿ ಹೇಳುವಂಥದ್ದು ಏನಿರುತ್ತದೆ? ಎರಡು ಮೂರು ದಿನ ಅವಳಿಗೆ ಅದು ಚುಚ್ಚಿತು. ಶಂಕರನ ಹತ್ತಿರ ಹೇಳಿಕೊಂಡಳು. ಅವನು ಊಟ ಮಾಡುತ್ತಾ, "ಸ್ಟೆಪ್ನಿ ಹಾಕ್ಕೊಂಡು ಮೈಸೂರಿಗೆ ಓಯ್ತರಾ? ಪಂಚರ್ ಅಂಗ್ಡಿವರ್ಗೂ ಓಯ್ತರೆ," ಅಂದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಫೈಬರ್ ವಾಪಸು ಬಂದ ಮೇಲೆ ಅವಳು ಹೊಸ ರೂಟರಿನ ಹೆಸರನ್ನೂ ಪಾಸ್‌ವರ್ಡನ್ನೂ ಬದಲಾಯಿಸಿದಳು. ಅಷ್ಟು ಸಾಲದೆಂದು ಅದು ಹೊರಗೆ ಹಂಚುವ ವೈಫೈಯನ್ನೇ ನಿಲ್ಲಿಸಿ, ಎರಡು ಕಂಪ್ಯೂಟರಿನ ವೈರು ಮಾತ್ರ ಉಳಿಸಿದಳು. ಡೇಟಾಗೆಂದೇ ಒಂದು ಹಳೆಯ ಫೋನಿಟ್ಟು, ಅದರ ನಂಬರನ್ನು ಯಾರಿಗೂ ಹೇಳಲಿಲ್ಲ, ಶಂಕರನಿಗೂ. ಕುಮಾರಿಗೆ ದೈಹಿಕ ಪರೀಕ್ಷೆಗೆ ಕರೆ ಬಂತು. ದಿನಾ ಬೆಳಿಗ್ಗೆ ಭೀಮನಬೀಡಿನ ಹೊಲದ ದಾರಿಯಲ್ಲಿ ಓಡುತ್ತಿದ್ದಾಳಂತೆ. ಮಾರಯ್ಯ ಅಂಗಡಿಗೆ ಬಂದು ಹೇಳಿದ. ಆಯ್ಕೆಯಾದವರ ಪಟ್ಟಿ ಇನ್ನೂ ಹೊರಬಿದ್ದಿಲ್ಲ.

ಸೋಮಣ್ಣ ಸ್ವಾಭಿಮಾನಿ. ಆ ವಾರವೇ ತನ್ನದೇ ಕನೆಕ್ಷನ್ ಹಾಕಿಸಿಕೊಂಡ. "ಇನ್ಮೇಲೆ ಯಾರ್ನೂ ಕೇಳಂಗಿಲ್ಲ," ಅಂದ. ಹಾಕಿಸಿದ್ದು ಅದೇ ಕಂಬದ ಅದೇ ಕೇಬಲ್ಲಿನಿಂದ. ಮಳೆಗಾಲ ಶುರುವಾಗುವ ಹೊತ್ತಿಗೆ ಕೊಂಬೆಯೊಂದು ಮುರಿದುಬಿದ್ದಾಗ ಇಬ್ಬರದೂ ಒಟ್ಟಿಗೇ ಹೋಯಿತು.

ಸ್ವಲ್ಪ ಹೊತ್ತು ತಡೆದು ಅವನು ಬಾಗಿಲಿಗೆ ಬಂದ. "ಲತಾ, ನಿನ್ ಆಟ್‌ಸ್ಪಾಟು ವಸಿ ಬುಡವ್ವ."

"ನಿಮ್ ಫೋನಲ್ಲೇ ಅದೆಯಲ್ಲ ಸೋಮಣ್ಣ," ಅಂದಳು ಅವಳು. ಅವನ ಫೋನು ಇಸಿದುಕೊಂಡು, ಎಲ್ಲಿ ಒತ್ತಬೇಕೆಂದು ತೋರಿಸಿ, ಪಾಸ್‌ವರ್ಡ್ ಹಾಕಿಕೊಟ್ಟಳು.

ಸೋಮಣ್ಣ ತನ್ನ ಫೋನನ್ನು ಹೊಸದಾಗಿ ನೋಡುವವನಂತೆ ನೋಡಿದ. "ಇದೆಲ್ಲ ನಂದೇಯಾ? ಇಷ್ಟು ದಿನ ಇದ್ರೊಳ್ಗೇ ಇತ್ತಾ?"

"ಇತ್ತು. ಯಾರಿಗೂ ಪಾಸ್‌ವರ್ಡ್ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ?" ಅಂದು ಅವನು ಎದೆಯುಬ್ಬಿಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಕಟಿಂಗ್ ಶಾಪಿನಲ್ಲಿ ಹಾಡು ಕೇಳಿಸಿತು. ಗೊಬ್ಬರದಂಗಡಿಯವನು ಬೇಕರಿಯ ಮುಂದೆ ನಿಂತು ಟೀ ಕುಡಿಯುತ್ತಾ ಫೋನು ನೋಡುತ್ತಿದ್ದ. ಸೋಮಣ್ಣ ಯಾರಿಗೋ ದೊಡ್ಡ ಗಂಟಲಿನಲ್ಲಿ, "ಲೋಕ ನಿಂತೋದ್ರೂ," ಎಂದೇನೋ ಹೇಳುತ್ತಿದ್ದ.

ಮಧ್ಯಾಹ್ನದ ಊಟಕ್ಕೆ ಮೊದಲೇ ಅವನು ಮತ್ತೆ ಬಂದ. ಫೋನನ್ನು ಬೇಕರಿಯ ಬಟ್ಟೆಯಲ್ಲಿ ಹಿಡಿದುಕೊಂಡಿದ್ದ.

"ಲತಾ, ಇದ್ಯಾಕವ್ವ ಇಂಗ್ ಕಾಯ್ತಾ ಅದೆ? ಡೇಟಾ ಮುಗೀತು ಅಂತ ಬೇರೆ ಮೆಸೇಜ್ ಬಂದದೆ."

"ಯಾರ್ಯಾರಿಗೆ ಪಾಸ್‌ವರ್ಡ್ ಕೊಟ್ರಿ ಸೋಮಣ್ಣ?"

"ಯಾರಿಗೂ ಇಲ್ಲ ಕಣವ್ವ, ದೇವ್ರಾಣೆ," ಅಂದ ಸೋಮಣ್ಣ. "ಬರೀ ನಮ್ಮೋರಿಗೆ."